ಒಟಿಪಿಯ ಅಂಕಿಗಿಂತ ಮೊದಲು ಅದರ ವಾಕ್ಯ ಓದಿ: ಬ್ಯಾಂಕಿನ ಹೆಸರಿನ ಮೋಸದ ಸಂದೇಶ ಗುರುತಿಸುವ ಬಗೆ

ಬ್ಯಾಂಕಿನ ಹೆಸರಿನಲ್ಲಿ ಬರುವ ಮೋಸದ ಸಂದೇಶಗಳ ಬಗ್ಗೆ ಎಚ್ಚರಿಸುವವರೆಲ್ಲ ಸಾಮಾನ್ಯವಾಗಿ ಒಂದು ಸಂಗತಿಯನ್ನು ಹೇಳದೆ ಬಿಡುತ್ತಾರೆ. ಈ ವಂಚನೆಯಲ್ಲಿ ಎರಡು ಬಗೆಯ ಸಂದೇಶಗಳು ಒಂದರ ಹಿಂದೆ ಒಂದು ಬರುತ್ತವೆ. ಮೊದಲನೆಯದು ವಂಚಕ ಕಳುಹಿಸಿದ್ದು: ಖಾತೆ ಸ್ಥಗಿತವಾಗುತ್ತದೆ, ಕೆವೈಸಿ ಅವಧಿ ಮುಗಿದಿದೆ, ಪ್ಯಾನ್ ಜೋಡಿಸಿಲ್ಲ ಎನ್ನುವಂಥದ್ದು. ಎರಡನೆಯದು ಒಟಿಪಿ ಇರುವ ಸಂದೇಶ. ಅದನ್ನು ಕಳುಹಿಸುವುದು ನಿಜವಾಗಿಯೂ ನಿಮ್ಮ ಬ್ಯಾಂಕು. ವಂಚಕನಿಗೆ ಒಟಿಪಿಯನ್ನು ಸೃಷ್ಟಿಸುವ ಶಕ್ತಿಯಿಲ್ಲ. ಅವನು ನಿಮ್ಮ ಹೆಸರಿನಲ್ಲಿ ಬ್ಯಾಂಕಿನ ಬಾಗಿಲು ತಟ್ಟುತ್ತಾನೆ, ಬ್ಯಾಂಕು ನಿಮ್ಮನ್ನು ಕೇಳುತ್ತದೆ, ನೀವು ಹೇಳಿದ ಉತ್ತರವನ್ನು ಅವನು ಬ್ಯಾಂಕಿಗೆ ಕೊಡುತ್ತಾನೆ.

ಹಾಗಾಗಿ ಮೊದಲ ಸಂದೇಶದಲ್ಲಿ ಮೋಸ ಹೋದವರಿಗೂ ಎರಡನೆಯ ಸಂದೇಶದಲ್ಲಿ ಪಾರಾಗುವ ಅವಕಾಶ ಇರುತ್ತದೆ. ಏಕೆಂದರೆ ಬ್ಯಾಂಕಿನ ಆ ಸಂದೇಶದಲ್ಲಿ ಅಂಕಿಯ ಜೊತೆಗೆ ಒಂದು ವಾಕ್ಯವಿರುತ್ತದೆ, ಮತ್ತು ಆ ಅಂಕಿ ಯಾವ ಕೆಲಸಕ್ಕೆ ಎಂಬುದನ್ನು ಆ ವಾಕ್ಯ ಹೇಳುತ್ತದೆ. ಹೆಚ್ಚಿನವರು ಅದನ್ನು ಓದುವುದೇ ಇಲ್ಲ. ಓದದಿರಲು ಕಾರಣವೂ ಇದೆ. ಅನೇಕ ಬ್ಯಾಂಕುಗಳು ಅಂಕಿಯನ್ನು ಸಾಲಿನ ಆರಂಭದಲ್ಲೇ ಇಡುತ್ತವೆ. ಆಂಡ್ರಾಯ್ಡ್ ಫೋನುಗಳು ಸಂದೇಶ ತೆರೆಯುವ ಮೊದಲೇ ಅಂಕಿಯನ್ನು ಮಾತ್ರ ಎತ್ತಿ ನಕಲು ಮಾಡಲು ಬಟನ್ ಕೊಡುತ್ತವೆ. ಕೀಲಿಮಣೆಯ ಮೇಲೂ ಅಂಕಿ ತಾನಾಗಿ ಬಂದು ಕುಳಿತಿರುತ್ತದೆ. ಈ ಸೌಕರ್ಯದಿಂದಾಗಿ ವಾಕ್ಯ ನಮ್ಮ ಕಣ್ಣಿಗೇ ಬೀಳದೆ ಹೋಗುತ್ತಿದೆ.

ಒಂದು ಪ್ರಕರಣವನ್ನು ಬಿಡಿಸಿ ನೋಡೋಣ

ವಂಚನೆ ನಡೆಯುವ ಕ್ರಮ ತಿಳಿಯಲೆಂದು ನಾನೇ ಕಟ್ಟಿದ ಉದಾಹರಣೆ ಇದು. ಇದರ ಒಂದೊಂದು ಹೆಜ್ಜೆಯೂ ಇಂಥ ಮೋಸಗಳಲ್ಲಿ ಬಳಕೆಯಲ್ಲಿರುವಂಥದ್ದೇ.

ನಿವೃತ್ತ ಶಿಕ್ಷಕಿಯೊಬ್ಬರಿಗೆ ಸಂಜೆ ಏಳು ಗಂಟೆ ದಾಟಿದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಬರುತ್ತದೆ. ಕಳುಹಿಸಿದವರ ಚಿತ್ರದ ಜಾಗದಲ್ಲಿ ಅವರ ಬ್ಯಾಂಕಿನ ಲಾಂಛನವಿದೆ. ‘ಪ್ರಿಯ ಗ್ರಾಹಕರೇ, ನಿಮ್ಮ ಖಾತೆಗೆ ಪ್ಯಾನ್ ಜೋಡಣೆಯಾಗಿಲ್ಲ. ಇಂದು ರಾತ್ರಿ ಖಾತೆ ಸ್ಥಗಿತಗೊಳ್ಳಲಿದೆ. ಕೂಡಲೇ ಕೆಳಗಿನ ಲಿಂಕ್ ಒತ್ತಿ’ ಎಂದು ಬರೆದಿದೆ. ಸಂಜೆಯ ಹೊತ್ತನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಶಾಖೆ ಮುಚ್ಚಿರುತ್ತದೆ, ಪರಿಚಯದ ಬ್ಯಾಂಕ್ ಸಿಬ್ಬಂದಿಯನ್ನು ಕೇಳಲು ಆಗುವುದಿಲ್ಲ, ಗಡುವು ಮಾತ್ರ ಇಂದೇ ರಾತ್ರಿ. ಪಿಂಚಣಿ ನಿಂತುಹೋದೀತು ಎಂಬ ಭಯಕ್ಕೆ ಅವರು ಲಿಂಕ್ ಒತ್ತುತ್ತಾರೆ.

ತೆರೆದುಕೊಂಡ ಪುಟ ಬ್ಯಾಂಕಿನದೇ ಪುಟದಂತಿದೆ. ಬಳಕೆದಾರರ ಹೆಸರು, ಪಾಸ್‌ವರ್ಡ್ ಹಾಕಿದ ಮೇಲೆ ‘ದಯವಿಟ್ಟು ಕಾಯಿರಿ’ ಎಂದು ಚಕ್ರವೊಂದು ತಿರುಗುತ್ತದೆ. ಆ ಚಕ್ರ ತಿರುಗುವಷ್ಟು ಹೊತ್ತಿನಲ್ಲಿ ವಂಚಕ ಅದೇ ಹೆಸರು, ಅದೇ ಪಾಸ್‌ವರ್ಡನ್ನು ಬ್ಯಾಂಕಿನ ನಿಜವಾದ ಜಾಲತಾಣದಲ್ಲಿ ಹಾಕುತ್ತಿರುತ್ತಾನೆ. ಅಲ್ಲಿಂದ ಶಿಕ್ಷಕಿಯ ಮೊಬೈಲಿಗೆ ಲಾಗಿನ್ ಒಟಿಪಿ ಬರುತ್ತದೆ. ಅವರು ನಕಲಿ ಪುಟದಲ್ಲಿ ಅದನ್ನು ತುಂಬುತ್ತಾರೆ. ಈಗ ವಂಚಕ ಖಾತೆಯೊಳಗಿದ್ದಾನೆ, ಆದರೆ ಹಣ ಇನ್ನೂ ಅಲ್ಲೇ ಇದೆ.

ಮುಂದಿನ ಹೆಜ್ಜೆಯನ್ನು ಗಮನಿಸಿ. ನಕಲಿ ಪುಟ ‘ಒಟಿಪಿ ತಪ್ಪಾಗಿದೆ, ಹೊಸ ಒಟಿಪಿ ಕಳುಹಿಸಲಾಗಿದೆ’ ಎನ್ನುತ್ತದೆ. ಶಿಕ್ಷಕಿ ತಾವೇ ತಪ್ಪು ಒತ್ತಿರಬೇಕು ಎಂದುಕೊಳ್ಳುತ್ತಾರೆ. ಎರಡನೆಯ ಸಂದೇಶ ಬರುತ್ತದೆ:

```
482913 is OTP to add beneficiary A/c XX7741. Do not share with anyone.
```

ಅದನ್ನೂ ತುಂಬಿದ ಮೇಲೆ ‘ಕೊನೆಯ ಹಂತ’ ಎಂದು ಪುಟ ಮತ್ತೊಂದು ಒಟಿಪಿ ಕೇಳುತ್ತದೆ. ಮೂರನೆಯದು ಬರುತ್ತದೆ:

```
605127 is OTP for transfer of Rs 49,500.00 to A/c XX7741.
```

ಇದನ್ನೂ ತುಂಬಿದರೆ ಹಣ ಹೋಯಿತು. ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ದಿನ ಇಂತಿಷ್ಟೇ ಹಣ ಕಳುಹಿಸಬಹುದು ಎಂದು ಹಲವು ಬ್ಯಾಂಕುಗಳು ಮಿತಿ ಹಾಕಿವೆ. ವಂಚಕನಿಗೆ ಆ ಮಿತಿ ಗೊತ್ತಿರುವುದರಿಂದ ಮೊತ್ತವನ್ನು ಅದಕ್ಕಿಂತ ತುಸು ಕೆಳಗೆ ಇಟ್ಟುಕೊಳ್ಳುತ್ತಾನೆ.

ಇಲ್ಲಿ ಬ್ಯಾಂಕು ಎರಡು ಬಾರಿ ಸ್ಪಷ್ಟವಾಗಿಯೇ ಹೇಳಿತು. ಎರಡನೆಯ ಸಂದೇಶ ‘ಈ ಖಾತೆಯವರನ್ನು ಹಣ ಪಡೆಯುವವರ ಪಟ್ಟಿಗೆ ಸೇರಿಸಲೇ’ ಎಂದು ಕೇಳಿತು. ಮೂರನೆಯದು ಮೊತ್ತವನ್ನೂ ಹೇಳಿತು. ಪ್ಯಾನ್ ಎಂಬ ಪದ ಎರಡರಲ್ಲೂ ಇಲ್ಲ. ಪ್ಯಾನ್ ಜೋಡಿಸುವ ಕೆಲಸಕ್ಕೆ 49,500 ರೂಪಾಯಿಯ ಮಾತೇಕೆ ಬಂತು ಎಂದು ಆ ಕ್ಷಣ ಅನ್ನಿಸಿದ್ದರೆ ಸಾಕಿತ್ತು. ಅನ್ನಿಸದೆ ಇರುವುದಕ್ಕೆ ಅವರನ್ನು ದೂರುವುದು ಅನ್ಯಾಯ. ಸಂದೇಶ ಇಂಗ್ಲಿಷಿನಲ್ಲಿದೆ, ಗಡುವಿನ ಒತ್ತಡವಿದೆ, ಕಣ್ಣು ಆರು ಅಂಕಿಗಳನ್ನಷ್ಟೇ ಹುಡುಕುತ್ತಿದೆ.

ಮೊದಲ ಹೆಜ್ಜೆ: ಒಟಿಪಿ ಸಂದೇಶವನ್ನು ತೆರೆದು ಪೂರ್ತಿ ಓದುವುದು

ತೆರೆಯ ಮೇಲೆ ಇಣುಕುವ ಅಂಕಿಯನ್ನು ನಂಬಿ ಮುಂದುವರಿಯಬೇಡಿ. ಸಂದೇಶಗಳ ಪೆಟ್ಟಿಗೆಗೆ ಹೋಗಿ ಆ ಸಂದೇಶವನ್ನೇ ತೆರೆಯಿರಿ. ಓದುವಾಗ ಹುಡುಕಬೇಕಾದದ್ದು ಮೂರು: ಯಾವ ಕೆಲಸ, ಎಷ್ಟು ಮೊತ್ತ, ಯಾರಿಗೆ.

ಇಂಗ್ಲಿಷ್ ಹೆಚ್ಚು ಬಾರದವರಿಗೆ ಕೆಲವೇ ಪದಗಳ ಗುರುತು ಸಾಕಾಗುತ್ತದೆ. `transfer`, `txn`, `debit`, `purchase` ಇವುಗಳಲ್ಲಿ ಯಾವುದಿದ್ದರೂ ನಿಮ್ಮ ಹಣ ಹೊರಗೆ ಹೋಗುವ ಮಾತು ನಡೆಯುತ್ತಿದೆ ಎಂದರ್ಥ. `beneficiary` ಅಥವಾ `payee` ಎಂದಿದ್ದರೆ ಹಣ ಪಡೆಯುವ ಹೊಸಬರೊಬ್ಬರನ್ನು ಸೇರಿಸಲಾಗುತ್ತಿದೆ. `device registration` ಎಂದಿದ್ದರೆ ಬೇರೊಂದು ಫೋನಿನಲ್ಲಿ ನಿಮ್ಮ ಬ್ಯಾಂಕಿನ ಆ್ಯಪ್ ಚಾಲೂ ಆಗುತ್ತಿದೆ. ಇದು ಎಲ್ಲಕ್ಕಿಂತ ಅಪಾಯಕಾರಿ. ಒಮ್ಮೆ ಅದು ಚಾಲೂ ಆದರೆ ಮುಂದಿನ ಕೆಲವು ವ್ಯವಹಾರಗಳಿಗೆ ನಿಮ್ಮ ಒಟಿಪಿಯೇ ಬೇಕಾಗದೆ ಹೋಗಬಹುದು. `Rs` ಅಥವಾ `INR` ಎಂಬ ಅಕ್ಷರಗಳ ಮುಂದೆ ಅಂಕಿಯಿದ್ದರೆ ಅದು ಮೊತ್ತ. ಈ ಪದಗಳನ್ನು ಒಂದು ಚೀಟಿಯಲ್ಲಿ ಬರೆದು ಮನೆಯ ಹಿರಿಯರ ಪಾಸ್‌ಬುಕ್ಕಿನೊಳಗೆ ಇಟ್ಟರೆ ಉಪಯೋಗಕ್ಕೆ ಬರುತ್ತದೆ.

ಹಾಗೆ ಓದಿದ ಮೇಲೆ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕೆಲಸವನ್ನು ನಾನು ಶುರು ಮಾಡಿದ್ದೇನೆಯೇ? ನೀವೇ ಅಂಗಡಿಯ ಆ್ಯಪ್ ತೆರೆದು, ನೀವೇ ಕಾರ್ಡ್ ಸಂಖ್ಯೆ ಹಾಕಿ, ಮೊತ್ತವೂ ಅಂಗಡಿಯ ಹೆಸರೂ ಹೊಂದಿದರೆ ಅಂಕಿ ಒತ್ತಿ. ಇಲ್ಲವಾದರೆ ಆ ಅಂಕಿ ಎಲ್ಲಿಗೂ ಹೋಗಬಾರದು.

‘ನಿಮ್ಮ ಕಾರ್ಡಿನಿಂದ ಯಾರೋ ಹಣ ತೆಗೆಯುತ್ತಿದ್ದಾರೆ, ಅದನ್ನು ರದ್ದು ಮಾಡಲು ಈಗ ಬಂದಿರುವ ಒಟಿಪಿ ಹೇಳಿ’ ಎಂಬ ಮಾತು ಇತ್ತೀಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. ನಿಮ್ಮನ್ನು ಕಾಪಾಡುವವರ ಧ್ವನಿಯಲ್ಲೇ ಇದು ಬರುವುದರಿಂದ ತಿಳಿದವರೂ ಬೀಳುತ್ತಾರೆ. ನೆನಪಿಡಿ, ಖರೀದಿಗೆ ಬಂದ ಒಟಿಪಿ ಆ ಖರೀದಿಯನ್ನು ಒಪ್ಪಿಕೊಳ್ಳುವುದಕ್ಕೆ ಮಾತ್ರ. ಅದನ್ನು ತಡೆಯಲು ನೀವು ಏನನ್ನೂ ಹೇಳಬೇಕಾಗಿಲ್ಲ. ಸುಮ್ಮನಿದ್ದರೆ ಕೆಲವು ನಿಮಿಷಗಳಲ್ಲಿ ಒಟಿಪಿಯ ಅವಧಿ ಮುಗಿದು ವ್ಯವಹಾರ ತಾನಾಗಿ ಬಿದ್ದುಹೋಗುತ್ತದೆ. ಹಾಗೆಯೇ, ನಿಮ್ಮ ಖಾತೆಗೆ ಹಣ ಬರಬೇಕಾದರೆ ಒಟಿಪಿಯೂ ಬೇಕಿಲ್ಲ, ಯುಪಿಐ ಪಿನ್ ಕೂಡ ಬೇಕಿಲ್ಲ.

ಮನೆಗಳಲ್ಲಿ ಬೆಳೆದಿರುವ ಒಂದು ಅಭ್ಯಾಸದ ಬಗ್ಗೆಯೂ ಇಲ್ಲಿ ಹೇಳಬೇಕು. ಮಗ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾನೆ, ಬ್ಯಾಂಕಿಗೆ ಜೋಡಿಸಿದ ಸಿಮ್ ಊರಿನಲ್ಲಿ ತಂದೆಯ ಫೋನಿನಲ್ಲಿರುತ್ತದೆ. ‘ಅಪ್ಪಾ, ಒಟಿಪಿ ಬಂತಲ್ಲ, ಓದಿ ಹೇಳಿ’ ಎಂದು ಮಗ ಫೋನಿನಲ್ಲಿ ಕೇಳುತ್ತಾನೆ. ತಿಂಗಳುಗಟ್ಟಲೆ ಹೀಗೆ ಅಂಕಿ ಓದಿ ಹೇಳಿದವರಿಗೆ, ನಾಳೆ ಬ್ಯಾಂಕಿನವನೆಂದು ಹೇಳಿಕೊಂಡ ಅಪರಿಚಿತ ಕೇಳಿದಾಗ ಅದು ವಿಚಿತ್ರವೆಂದು ಅನ್ನಿಸುವುದೇ ಇಲ್ಲ. ಈ ಏರ್ಪಾಟನ್ನು ಬದಲಿಸಲು ಸಾಧ್ಯವಿಲ್ಲದಿದ್ದರೆ ಕನಿಷ್ಠ ಒಂದು ನಿಯಮ ಮಾಡಿಕೊಳ್ಳಿ: ತಂದೆ ಮೊದಲು ಅಂಕಿ ಬಿಟ್ಟು ಉಳಿದ ವಾಕ್ಯವನ್ನು ಓದಲಿ, ಮಗ ‘ಹೌದು, ಅದು ನನ್ನದೇ’ ಎಂದ ಮೇಲೆ ಅಂಕಿ ಹೇಳಲಿ.

ಎರಡನೆಯ ಹೆಜ್ಜೆ: ಕಳುಹಿಸಿದವರ ಹೆಸರನ್ನು ಪರೀಕ್ಷಿಸುವುದು

ಭಾರತದಲ್ಲಿ ಬ್ಯಾಂಕುಗಳು ಎಸ್‌ಎಂಎಸ್ ಕಳುಹಿಸುವಾಗ ಹತ್ತು ಅಂಕಿಯ ಮೊಬೈಲ್ ಸಂಖ್ಯೆ ಬಳಸುವುದಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಂತೆ ನೋಂದಾಯಿಸಿದ ಹೆಸರಿನಿಂದ ಕಳುಹಿಸುತ್ತವೆ. ಅದು `AD-CANBNK-S` ಎಂಬಂತೆ ಕಾಣುತ್ತದೆ. ಮೊದಲ ಎರಡು ಅಕ್ಷರ ದೂರಸಂಪರ್ಕ ಕಂಪನಿ ಮತ್ತು ವಲಯವನ್ನು ಸೂಚಿಸುತ್ತವೆ, ನಡುವೆ ಸಂಸ್ಥೆಯ ಹೆಸರು. ಕೊನೆಯ ಅಕ್ಷರ 2025ರಲ್ಲಿ ಸೇರಿದ್ದು: `T` ವ್ಯವಹಾರಕ್ಕೆ, `S` ಸೇವೆಗೆ, `P` ಪ್ರಚಾರಕ್ಕೆ, `G` ಸರ್ಕಾರಕ್ಕೆ. ಖಾತೆ ಸ್ಥಗಿತವಾಗುತ್ತದೆ ಎಂಬ ಎಚ್ಚರಿಕೆ `P` ಎಂಬ ಗುರುತಿನೊಂದಿಗೆ ಬಂದರೆ ಅಲ್ಲೇ ಅನುಮಾನಿಸಬಹುದು. ಹತ್ತು ಅಂಕಿಯ ಸಂಖ್ಯೆಯಿಂದ ಬಂದರೆ ಅನುಮಾನಕ್ಕೂ ಜಾಗವಿಲ್ಲ, ಅದು ಬ್ಯಾಂಕಿನದಲ್ಲ.

ನೋಂದಾಯಿಸದ ಲಿಂಕ್ ಇರುವ ವಾಣಿಜ್ಯ ಎಸ್‌ಎಂಎಸ್‌ಗಳನ್ನು ತಡೆಯಬೇಕೆಂಬ ನಿಯಮ 2024ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಆದರೆ ವಾಟ್ಸ್‌ಆ್ಯಪ್ ಮತ್ತು ಸಾಮಾನ್ಯ ಮೊಬೈಲ್ ಸಂಖ್ಯೆಗಳು ಈ ನೋಂದಣಿಯ ಜಾಲದ ಹೊರಗಿವೆ, ಹೀಗಾಗಿ ವಂಚಕರು ಆ ದಾರಿಗಳನ್ನು ಹಿಡಿಯುತ್ತಾರೆ.

ಇದರಾಚೆಗೆ, ಹೆಸರು ಸರಿಯಿದೆ ಎಂದ ಮಾತ್ರಕ್ಕೆ ಸಂದೇಶ ಸಾಚಾ ಎಂದು ತೀರ್ಮಾನಿಸಬೇಡಿ. ನಕಲಿ ಮೊಬೈಲ್ ಗೋಪುರದಂತೆ ಕೆಲಸ ಮಾಡುವ ಉಪಕರಣಗಳಿಂದ ಯಾವ ಹೆಸರಿನಲ್ಲಿ ಬೇಕಾದರೂ ಹತ್ತಿರದ ಫೋನುಗಳಿಗೆ ಸಂದೇಶ ಕಳುಹಿಸಬಹುದು. ತಪ್ಪು ಹೆಸರಿದ್ದರೆ ಸಂದೇಶ ಖಚಿತವಾಗಿ ಸುಳ್ಳು. ಸರಿಯಾದ ಹೆಸರಿದ್ದರೆ ಪರೀಕ್ಷೆ ಇನ್ನೂ ಮುಗಿದಿಲ್ಲ.

ಕಾಗುಣಿತದ ತಪ್ಪು ನೋಡಿ ಮೋಸ ಹಿಡಿಯಿರಿ ಎಂಬ ಹಳೆಯ ಸಲಹೆಯನ್ನು ನಾನು ಇಂದು ಯಾರಿಗೂ ಹೇಳುವುದಿಲ್ಲ. ಶುದ್ಧ ಕನ್ನಡದಲ್ಲಿ, ಒಳ್ಳೆಯ ವಿನಯದಲ್ಲಿ ಬರೆದ ಮೋಸದ ಸಂದೇಶಗಳು ಬರುತ್ತಿವೆ. ಎಷ್ಟೋ ಸಲ ಬ್ಯಾಂಕುಗಳ ನಿಜವಾದ ಕನ್ನಡ ಸಂದೇಶಗಳೇ ಅವುಗಳಿಗಿಂತ ಒರಟಾಗಿರುತ್ತವೆ.

ಮೂರನೆಯ ಹೆಜ್ಜೆ: ಲಿಂಕನ್ನು ಬಲದಿಂದ ಎಡಕ್ಕೆ ಓದುವುದು

ಲಿಂಕ್ ಒತ್ತದೇ ಇರುವುದೇ ಒಳ್ಳೆಯದು. ಆದರೂ ಓದುವ ಬಗೆ ಗೊತ್ತಿರಲಿ. ಭಾರತೀಯ ರಿಸರ್ವ್ ಬ್ಯಾಂಕಿನ ಸೂಚನೆಯಂತೆ ನಮ್ಮ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ `.bank.in` ಎಂದು ಕೊನೆಗೊಳ್ಳುವ ವಿಳಾಸಗಳಿಗೆ ಬದಲಾಗಬೇಕಿತ್ತು. ಉದಾಹರಣೆಗೆ ಸ್ಟೇಟ್ ಬ್ಯಾಂಕಿನ ವಿಳಾಸ `sbi.bank.in`. ಈ ಬಗೆಯ ವಿಳಾಸಗಳನ್ನು ಬ್ಯಾಂಕುಗಳಿಗಷ್ಟೇ ಕೊಡಲಾಗುತ್ತದೆ, ಯಾರೋ ಹೋಗಿ ಕೊಂಡುಕೊಳ್ಳಲಾಗುವುದಿಲ್ಲ. ಹಾಗಾಗಿ ಈಗ ಪರೀಕ್ಷೆ ಮೊದಲಿಗಿಂತ ಸುಲಭ.

ವಂಚಕರು ಇದೇ ಅಕ್ಷರಗಳನ್ನು ವಿಳಾಸದ ಮುಂಭಾಗದಲ್ಲಿ ಸೇರಿಸಿ ಕಣ್ಣು ತಪ್ಪಿಸುತ್ತಾರೆ. ತೋರಿಸಲೆಂದು ಬರೆದ ಈ ವಿಳಾಸವನ್ನು ನೋಡಿ:

```
https://sbi.bank.in.kyc-update.example/login
```

`https://` ಎಂಬುದನ್ನು ಬಿಡಿ. ಅದರ ನಂತರ ಬರುವ ಮೊದಲ ಓರೆಗೆರೆಯ ತನಕ ಹೋಗಿ. ಅಲ್ಲಿಂದ ಹಿಂದಕ್ಕೆ, ಅಂದರೆ ಬಲದಿಂದ ಎಡಕ್ಕೆ ಓದಿ. ಓರೆಗೆರೆಗೆ ತಾಗಿಕೊಂಡೇ `.bank.in` ಇರಬೇಕು. ಇಲ್ಲಿ ತಾಗಿಕೊಂಡಿರುವುದು `kyc-update.example`. ಅದೇ ಈ ಪುಟದ ನಿಜವಾದ ಯಜಮಾನ. ಮುಂದೆ ಬರೆದಿರುವ ಬ್ಯಾಂಕಿನ ಹೆಸರು ಬರೀ ಅಲಂಕಾರ. ಚುಕ್ಕೆಯ ಜಾಗದಲ್ಲಿ ಅಡ್ಡಗೆರೆ ಹಾಕಿ `sbi-bank-in` ಎಂದು ಬರೆಯುವುದು ಇನ್ನೊಂದು ಉಪಾಯ. ಬೀಗದ ಚಿತ್ರವಾಗಲಿ `https` ಎಂಬುದಾಗಲಿ ಪುಟ ಬ್ಯಾಂಕಿನದು ಎಂಬುದಕ್ಕೆ ಸಾಕ್ಷಿಯಲ್ಲ. ನಕಲಿ ಪುಟಗಳಿಗೂ ಅವು ಸಿಗುತ್ತವೆ. ಮೊಟಕುಗೊಳಿಸಿದ ಲಿಂಕ್‌ಗಳಲ್ಲಿ ವಿಳಾಸವೇ ಕಾಣುವುದಿಲ್ಲವಾದ್ದರಿಂದ ಅವನ್ನು ಪರೀಕ್ಷಿಸುವ ಗೋಜಿಗೇ ಹೋಗಬೇಡಿ.

ಯಾರಿಗೂ ಹೇಳದಿದ್ದರೂ ಒಟಿಪಿ ಹೋಗುವ ಬಗೆ

ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಬದಲಿಗೆ `.apk` ಎಂದು ಕೊನೆಗೊಳ್ಳುವ ಕಡತ ಬಂದು, ಅದನ್ನು ನೀವು ಹಾಕಿಕೊಂಡರೆ ಮೇಲೆ ಹೇಳಿದ ಯಾವ ಹೆಜ್ಜೆಯೂ ನಿಮ್ಮನ್ನು ಉಳಿಸುವುದಿಲ್ಲ. ಬ್ಯಾಂಕಿನ ರಿವಾರ್ಡ್ ಪಾಯಿಂಟ್, ಕೆವೈಸಿ ನವೀಕರಣ ಎಂದೆಲ್ಲ ಹೆಸರಿಟ್ಟು ಇವನ್ನು ಕಳುಹಿಸುತ್ತಾರೆ. ಅದೊಂದು ಆ್ಯಪ್. ಹಾಕಿಕೊಳ್ಳುವಾಗ ಅದು ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಕೊಟ್ಟರೆ ನಿಮ್ಮ ಫೋನಿಗೆ ಬಂದ ಪ್ರತಿ ಒಟಿಪಿಯೂ ನೀವು ನೋಡುವ ಮೊದಲೇ ಅವರ ಕೈ ಸೇರುತ್ತದೆ. ಯಾವ ಬ್ಯಾಂಕೂ ತನ್ನ ಆ್ಯಪ್ ಅನ್ನು ಹೀಗೆ ಕಡತವಾಗಿ ಕಳುಹಿಸುವುದಿಲ್ಲ.

ಈಗಾಗಲೇ ಹಾಕಿಕೊಂಡಿದ್ದರೆ ಮೊದಲು ಆ ಫೋನಿನ ಏರೋಪ್ಲೇನ್ ಮೋಡ್ ಒತ್ತಿ, ವೈಫೈ ಕೂಡ ಆರಿಸಿ. ಬೇರೊಬ್ಬರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯ ಆನ್‌ಲೈನ್ ವ್ಯವಹಾರವನ್ನೂ ಕಾರ್ಡನ್ನೂ ತಡೆಹಿಡಿಯಲು ಹೇಳಿ. ಆಮೇಲೆ ಫೋನಿನ `Settings` ಒಳಗೆ `Permission manager` ಹುಡುಕಿ, ಅದರಲ್ಲಿ `SMS` ತೆರೆದು ಯಾವ ಯಾವ ಆ್ಯಪ್‌ಗಳಿಗೆ ಸಂದೇಶ ಓದುವ ಅನುಮತಿ ಇದೆ ಎಂದು ನೋಡಿ. ಇಂಥ ಆ್ಯಪ್‌ಗಳಲ್ಲಿ ಕೆಲವು ತಮ್ಮ ಚಿತ್ರವನ್ನು ಮುಖಪುಟದಿಂದ ಅಡಗಿಸಿಕೊಳ್ಳುತ್ತವೆ, ಆದ್ದರಿಂದ ಮುಖಪುಟದಲ್ಲಿ ಹುಡುಕಿ ಇಲ್ಲವೆಂದು ಸಮಾಧಾನಪಡಬೇಡಿ. ಸಿಕ್ಕಿದ್ದನ್ನು ಅಳಿಸಿದ ಮೇಲೂ, ಬೇಕಾದ ಚಿತ್ರ ಮತ್ತು ಸಂಪರ್ಕಗಳನ್ನು ಉಳಿಸಿಕೊಂಡು ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಹೊಂದಿಸುವುದು ಕ್ಷೇಮ.

ಒಟಿಪಿ ಕೊಟ್ಟುಬಿಟ್ಟಿದ್ದರೆ

ಮೊದಲು ಬ್ಯಾಂಕಿಗೆ ಕರೆ ಮಾಡಿ. ಸಂಖ್ಯೆಯನ್ನು ಇಂಟರ್‌ನೆಟ್‌ನಲ್ಲಿ ಹುಡುಕಬೇಡಿ, ಅಲ್ಲೂ ನಕಲಿ ಗ್ರಾಹಕ ಸೇವಾ ಸಂಖ್ಯೆಗಳನ್ನು ಹರಡಿರುತ್ತಾರೆ. ಡೆಬಿಟ್ ಕಾರ್ಡಿನ ಹಿಂಬದಿಯಲ್ಲಿ ಅಥವಾ ಪಾಸ್‌ಬುಕ್ಕಿನಲ್ಲಿ ಇರುವ ಸಂಖ್ಯೆಯನ್ನೇ ಬಳಸಿ. ಖಾತೆ ತಡೆಹಿಡಿಸಿ, ದೂರಿನ ಸಂಖ್ಯೆ ಮತ್ತು ಕರೆ ಮಾಡಿದ ಸಮಯವನ್ನು ಬರೆದಿಟ್ಟುಕೊಳ್ಳಿ.

ಆ ಸಮಯ ಏಕೆ ಬೇಕು ಎಂದರೆ, ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆ ಅದರ ಮೇಲೆಯೇ ಗೆರೆ ಎಳೆಯಿತು. ಗ್ರಾಹಕರು ತಾವೇ ಗುಪ್ತ ಮಾಹಿತಿ ಹಂಚಿಕೊಂಡು ನಷ್ಟವಾದರೆ ಬ್ಯಾಂಕಿಗೆ ತಿಳಿಸುವ ಕ್ಷಣದವರೆಗಿನ ನಷ್ಟ ಗ್ರಾಹಕರದು, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಗ್ರಾಹಕರ ತಪ್ಪೇ ಇಲ್ಲದೆ ಬೇರೆಲ್ಲೋ ಆದ ಲೋಪದಿಂದ ಹಣ ಹೋಗಿದ್ದು, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆಯೇ ಇಲ್ಲ. ಹೊಣೆ ಗ್ರಾಹಕರದೇ ಎಂದು ಸಾಬೀತುಪಡಿಸುವ ಭಾರವೂ ಬ್ಯಾಂಕಿನದು. ಒಟಿಪಿ ಕೊಟ್ಟು ನಾಚಿಕೆಯಿಂದ ಒಂದು ರಾತ್ರಿ ಸುಮ್ಮನಿದ್ದವರು ಆ ರಾತ್ರಿಯ ನಷ್ಟವನ್ನು ತಾವೇ ಹೊರಬೇಕಾಗುತ್ತದೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಬ್ಯಾಂಕಿನ ಕರೆ ಮುಗಿದೊಡನೆ 1930ಕ್ಕೆ ಕರೆ ಮಾಡಿ. ಬ್ಯಾಂಕಿನ ಸಂಖ್ಯೆ ಸಿಗದಿದ್ದರೆ ಕಾಯದೆ ಇದಕ್ಕೇ ಮೊದಲು ಮಾಡಿ. ಇದು ಆರ್ಥಿಕ ಸೈಬರ್ ವಂಚನೆಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ. ಇಲ್ಲಿ ದಾಖಲಾದ ದೂರು ಹಣ ತಲುಪಿದ ಬ್ಯಾಂಕಿಗೆ ಹೋಗುತ್ತದೆ, ಹಣ ಅಲ್ಲಿ ಇನ್ನೂ ಇದ್ದರೆ ಅದನ್ನು ತಡೆಹಿಡಿಯುತ್ತಾರೆ. ವಂಚಕರು ಹಣವನ್ನು ಬಾಡಿಗೆ ಖಾತೆಗಳ ಮೂಲಕ ಒಂದರಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ಸಾಗಿಸಿ ಎಟಿಎಂನಿಂದ ತೆಗೆಯುವುದರಿಂದ ಮೊದಲ ಒಂದೆರಡು ಗಂಟೆಗಳಲ್ಲಿ ಹಿಡಿಯುವ ಸಾಧ್ಯತೆ ಹೆಚ್ಚು. ಕರೆ ಮಾಡುವಾಗ ನಿಮ್ಮ ಖಾತೆ ಸಂಖ್ಯೆ, ಹಣ ಕಡಿತವಾದ ಸಮಯ, ಮೊತ್ತ ಮತ್ತು ವ್ಯವಹಾರದ ಉಲ್ಲೇಖ ಸಂಖ್ಯೆ ಕೈಯಲ್ಲಿರಲಿ. ಉಲ್ಲೇಖ ಸಂಖ್ಯೆ ಹಣ ಕಡಿತದ ಸಂದೇಶದಲ್ಲೇ ಸಾಮಾನ್ಯವಾಗಿ ಇರುತ್ತದೆ. ಗಾಬರಿಯಲ್ಲಿ ಆ ಸಂದೇಶಗಳನ್ನು ಅಳಿಸಬೇಡಿ, ವಂಚಕನ ಜೊತೆಗಿನ ಸಂಭಾಷಣೆಯನ್ನೂ ಹಾಗೇ ಇಡಿ.

ನಂತರ `cybercrime.gov.in` ಜಾಲತಾಣದಲ್ಲಿ ದೂರನ್ನು ಪೂರ್ಣಗೊಳಿಸಿ. ಕರ್ನಾಟಕದಲ್ಲಿ ಜಿಲ್ಲೆಗಳಲ್ಲಿರುವ ಸೆನ್ ಠಾಣೆಗಳು ಸೈಬರ್ ಅಪರಾಧಗಳನ್ನು ನೋಡಿಕೊಳ್ಳುತ್ತವೆ, ಅಲ್ಲಿಗೂ ಹೋಗಬಹುದು. ಹಣ ಹೋಗದಿದ್ದರೂ ಮೋಸದ ಸಂದೇಶವೊಂದು ಬಂದಿದ್ದರೆ `sancharsaathi.gov.in` ತಾಣದ ಚಕ್ಷು ವಿಭಾಗದಲ್ಲಿ ಆ ಸಂಖ್ಯೆಯ ಬಗ್ಗೆ ತಿಳಿಸಿ.

ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ನಿಮಗೆ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ `cms.rbi.org.in` ಮೂಲಕ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಬ್ಯಾಂಕಿಗೆ ಮೊದಲು ಕರೆ ಮಾಡಿದ ಸಮಯ ಮತ್ತು ಆಗ ಕೊಟ್ಟ ದೂರಿನ ಸಂಖ್ಯೆಯನ್ನು ಆ ಅರ್ಜಿಯ ಜೊತೆಗೆ ಲಗತ್ತಿಸಿ.